ಕೃಷ್ಣೆಯ ಬಾಂದಾರ, ಮೊಮ್ಮಕ್ಕಳ ಹೊಲ

ಹಿಪ್ಪರಗಿಯ ಬ್ಯಾರೇಜಿನಿಂದ ಹೊಳೆಯ ಹರಿವಿನೊಡನೆ ಕೆಳಗೆ ಬಂದರೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತ ಇನ್ನೊಂದು ಬಾಂದಾರವಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಸರಕಾರದ ಹಣಕ್ಕೆ ಕಾಯದೆ, ತೀರದ ರೈತರು ತಮ್ಮ ವಂತಿಗೆಯಿಂದಲೂ ಮೈಬೆವರಿನಿಂದಲೂ ಕಟ್ಟಿಕೊಂಡ ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಅನ್ವರ್ಥವಾಗಿಯೇ ಬಂದಿದೆ. ಈ ಬೆವರಿಗೆ ಬೆಲೆ ಎಷ್ಟು? ಕೂಲಿಯ ಪಟ್ಟಿಯನ್ನು ನೋಡಿದರೆ ಶ್ರಮದಾನದ ಬೆಲೆ ಸೊನ್ನೆ. ಗುತ್ತಿಗೆದಾರನ ಅಂದಾಜುಪಟ್ಟಿಯಂತೆ ದಿನಕ್ಕೆ ಪೂರ್ಣ ಕೂಲಿ. ಅರ್ಥಶಾಸ್ತ್ರಜ್ಞನಾದರೋ ಈ ಎರಡನ್ನೂ ಒಪ್ಪುವುದಿಲ್ಲ.

ಅವನು ಕೇಳುವುದು ಇಷ್ಟೆ: ಈ ಮನುಷ್ಯನು ಇಲ್ಲಿಗೆ ಬಾರದಿದ್ದರೆ ಆ ದಿನ ಬೇರೆಲ್ಲಿ ಏನನ್ನು ಉತ್ಪಾದಿಸುತ್ತಿದ್ದನು? ಮಳೆಯನ್ನೇ ನಂಬಿದ ಊರಿನಲ್ಲಿ, ಬೇಸಗೆಯ ಬಿಡುವಿನಲ್ಲಿ, ನೂರು ರೂಪಾಯಿಯ ಕೂಲಿ ಪಡೆಯುವವನು ಹೊಲದಲ್ಲಿ ನಲವತ್ತು ರೂಪಾಯಿಯ ಕೆಲಸವನ್ನಷ್ಟೇ ಮಾಡುತ್ತಿದ್ದನೆನ್ನೋಣ. ಆಗ ಸಮಾಜವು ತೆತ್ತ ನಿಜವಾದ ವೆಚ್ಚ ನಲವತ್ತೇ. ಸಂತೆಯ ಬೆಲೆಯ ಹಿಂದೆ ಅಡಗಿರುವ ಈ ಬೆಲೆಗೆ ಛಾಯಾಬೆಲೆ ಎಂದು ಹೆಸರು. 1972ರಲ್ಲಿ ಸಂಯುಕ್ತ ರಾಷ್ಟ್ರಗಳ ಕೈಗಾರಿಕಾಭಿವೃದ್ಧಿ ಸಂಸ್ಥೆಗಾಗಿ ಪಾರ್ಥ ದಾಸಗುಪ್ತ, ಸ್ಟೀಫನ್ ಮಾರ್ಗ್ಲಿನ್, ಅಮರ್ತ್ಯ ಸೇನ್ ಅವರು ರಚಿಸಿದ ಮಾರ್ಗದರ್ಶಿಯು ಈ ಎಣಿಕೆಯನ್ನು ವಿಸ್ತಾರವಾಗಿ ನಿರೂಪಿಸಿತು. ಆದರೆ ಛಾಯಾಬೆಲೆಯು ಶಾಶ್ವತವಲ್ಲ. ನೀರು ಬಂದು, ಕಬ್ಬು ಬಂದು, ಕಬ್ಬು ಕಡಿಯುವ ಆಳು ಸಿಗದ ಕಾಲದಲ್ಲಿ ಅದೇ ದುಡಿಮೆಯ ಬೆಲೆ ಪೂರ್ಣ ನೂರಕ್ಕೆ ಏರುತ್ತದೆ. ಹಾಗೆಯೇ, ರೈತನಿಗೆ ಪುಕ್ಕಟೆಯಾಗಿ ದೊರೆಯುವ ಪಂಪಿನ ವಿದ್ಯುತ್ತು ನಾಡಿಗೆ ಪುಕ್ಕಟೆಯಲ್ಲ. ಯೋಜನೆಯ ಲೆಕ್ಕದಲ್ಲಿ ಅದನ್ನು ಉತ್ಪಾದಿಸುವ ವೆಚ್ಚದಲ್ಲಿಯೇ ಬರೆಯಬೇಕು.

ಇನ್ನು ಕಾಲದ ಲೆಕ್ಕಕ್ಕೆ ಬರೋಣ. ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಇದೇ. ಮುಂದೆ ಸಲ್ಲುವ ಹುಂಡಿಯನ್ನು ಸಾಹುಕಾರನು ಸೋಡಿ ಕಳೆದು ಇಂದೇ ನಗದಾಗಿಸುವಂತೆ, ಮುಂದಿನ ವರ್ಷಗಳ ಲಾಭನಷ್ಟಗಳನ್ನು ಇಂದಿನ ರೂಪಾಯಿಗೆ ಇಳಿಸುವ ಪ್ರಮಾಣವೇ ಸೋಡಿ ದರ. ನೂರಕ್ಕೆ ಹತ್ತರ ದರದಲ್ಲಿ, ಐವತ್ತು ವರ್ಷಗಳ ಅನಂತರದ ನೂರು ರೂಪಾಯಿ ಇಂದಿನ ಎಂಬತ್ತೈದು ಪೈಸೆ. ಮೂರರ ದರದಲ್ಲಿಯಾದರೆ ಇಪ್ಪತ್ತಮೂರು ರೂಪಾಯಿಗೆ ಸಮೀಪ.

ಕೃಷ್ಣಾತೀರದ ಕಪ್ಪು ಎರೆಭೂಮಿಯಲ್ಲಿ ಇದರ ಅರ್ಥವನ್ನು ಕಣ್ಣಾರೆ ಕಾಣಬಹುದು. ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವಿಡೀ ಕಬ್ಬಿಗೆ ನೀರು ಹಾಯಿಸುತ್ತಿದ್ದರೆ ಅಂತರ್ಜಲವು ಮೇಲೇರಿ, ತನ್ನೊಡನೆ ಉಪ್ಪನ್ನು ಎತ್ತಿ ತಂದು, ನೀರು ಆರಿದ ಮೇಲೆ ಅದನ್ನು ಬೆಳ್ಳಗೆ ಹೊಲದ ಮೈಮೇಲೆ ಬಿಡುತ್ತದೆ. ಅದನ್ನೇ ನಮ್ಮ ಜನ ಸವಳು-ಜವಳು ಎನ್ನುವುದು. ಒಂದು ಎಕರೆ ಮೂವತ್ತನೆಯ ವರ್ಷ ಹೀಗೆ ಕೆಟ್ಟು, ಲಕ್ಷ ರೂಪಾಯಿ ನಷ್ಟವಾಗುವುದೆಂದೂ, ಇಂದೇ ನೆಲದೊಳಗೆ ಬಸಿಗಾಲುವೆಯ ಕೊಳವೆ ಹೂಳಿದರೆ ಮೂವತ್ತು ಸಾವಿರದಲ್ಲಿ ಅದನ್ನು ತಪ್ಪಿಸಬಹುದೆಂದೂ ಊಹಿಸೋಣ. ಹತ್ತರ ದರದಲ್ಲಿ ಆ ಲಕ್ಷದ ಇಂದಿನ ಬೆಲೆ ಐದು ಸಾವಿರದ ಏಳುನೂರು. ಕೊಳವೆ ದಂಡವೆಂದು ಲೆಕ್ಕ ಹೇಳುತ್ತದೆ. ಮೂರರ ದರದಲ್ಲಿ ನಲವತ್ತೊಂದು ಸಾವಿರ. ಕೊಳವೆ ಹಾಕಿರೆಂದು ಅದೇ ಲೆಕ್ಕ ಹೇಳುತ್ತದೆ. ಮಣ್ಣು ಬದಲಾಗಲಿಲ್ಲ, ಉಪ್ಪು ಬದಲಾಗಲಿಲ್ಲ. ನಾಲ್ಕಕ್ಕಿಂತ ತುಸು ಮೇಲಿನ ಒಂದು ದರದಲ್ಲಿ ತೀರ್ಪು ಮಗುಚಿತು. ಆದುದರಿಂದ ಯಾವುದೇ ಯೋಜನೆಯ ವರದಿಯಲ್ಲಿ, ಲಾಭವು ವೆಚ್ಚದ ಎಷ್ಟು ಪಟ್ಟು ಎಂಬುದನ್ನು ಓದುವ ಮೊದಲು, ಯಾವ ದರದಲ್ಲಿ ಆ ತೀರ್ಪು ಮಗುಚುವುದೆಂದು ಹುಡುಕಬೇಕು.

ನಮ್ಮ ದೇಶದ ನೀರಾವರಿ ಯೋಜನೆಗಳ ರೂಢಿಯ ಲೆಕ್ಕದಲ್ಲಿ ಬಂಡವಾಳದ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ ಹಿಡಿದು, ಸವಕಳಿಯನ್ನೂ ನಿರ್ವಹಣೆಯನ್ನೂ ಕೂಡಿಸಿ, ವಾರ್ಷಿಕ ಲಾಭವು ವಾರ್ಷಿಕ ವೆಚ್ಚದ ಒಂದೂವರೆ ಪಟ್ಟು, ಬರಪೀಡಿತ ಪ್ರದೇಶಗಳಲ್ಲಿ ಸರಿಸಮವಾದರೂ, ಇರಬೇಕೆಂದು ಕೇಳುತ್ತಾರೆ. ಆದರೆ ಆ ಲಾಭವನ್ನು ಎಣಿಸುವುದು ನೀರಾವರಿ ಪೂರ್ಣವಾಗಿ ಹಬ್ಬಿದ ಒಂದು ಮಾದರಿ ವರ್ಷದ ಬೆಳೆಯಿಂದ. ಸವಳಾದ ಮೂವತ್ತನೆಯ ವರ್ಷಕ್ಕೆ ಅಲ್ಲಿ ಸೋಡಿಯೇ ಇಲ್ಲ. ಏಕೆಂದರೆ ಆ ವರ್ಷಕ್ಕೆ ಲೆಕ್ಕದಲ್ಲಿ ಸ್ಥಾನವೇ ಇಲ್ಲ.

ದರವನ್ನು ಇಳಿಸಿದರೆ ಸಾಕೆಂದು ನಾನು ಹೇಳುತ್ತಿಲ್ಲ. ಹಾಗೆ ಇಳಿಸಿದರೆ ಇಂದು ಮುಳುಗಡೆಯಲ್ಲಿ ಮನೆ ಕಳೆದುಕೊಳ್ಳುವವನ ನೋವಿನೆದುರು ದೂರದ ಲಾಭಗಳು ಹಿಗ್ಗಿ, ದೊಡ್ಡ ಅಣೆಕಟ್ಟುಗಳೆಲ್ಲವೂ ಒಳ್ಳೆಯವಾಗಿ ಕಾಣುವ ಅಪಾಯವಿದೆ. ಕಾಲ ದೂರವೆಂಬ ಒಂದೇ ಕಾರಣಕ್ಕೆ ಮುಂದಿನವರ ಸುಖವನ್ನು ಕಡಿಮೆಗಾಣುವುದು ನೀತಿಯಿಂದ ಸಮರ್ಥನೀಯವಲ್ಲವೆಂದು ಕೇಂಬ್ರಿಜ್ಜಿನ ಫ್ರಾಂಕ್ ರ‍್ಯಾಮ್ಸೆ 1928ರಲ್ಲಿಯೇ ಬರೆದನು. ಮುಂದಿನವರು ನಮಗಿಂತ ಸಿರಿವಂತರಾಗುವರೆಂಬ ನಿರೀಕ್ಷೆಯಿಂದ ಸೋಡಿ ಹಿಡಿಯುವುದಾದರೆ ಅದಕ್ಕೊಂದು ನ್ಯಾಯವುಂಟು. ಆದರೆ ಬೆಳ್ಳಗಾದ ಎರೆಯನ್ನೇ ಪಿತ್ರಾರ್ಜಿತವಾಗಿ ಪಡೆಯುವ ಜಮಖಂಡಿಯ ಮೊಮ್ಮಗನು ನಮಗಿಂತ ಸಿರಿವಂತನಾಗಿರುವನೆಂದು ನಂಬಿ ಅವನ ನಷ್ಟಕ್ಕೆ ಹತ್ತರ ಸೋಡಿ ಹಿಡಿಯಲು ನನಗೆ ಮನಸ್ಸಾಗುವುದಿಲ್ಲ.