ರಿಪ್ಲೈ ಬೇಡದ ಮೆಸೇಜು

ಇವತ್ತು ನಾನೇ ಮಾಡಿದ ಒಂದು ತಪ್ಪಿಂದ ಮಾತು ಶುರು ಮಾಡ್ತೀನಿ.

ನಮ್ಮೂರು ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕು. ಅಲ್ಲಿ ನನ್ನ ಜೊತೆ ಓದಿದ ಒಬ್ಬ ಗೆಳೆಯ ಇದಾನೆ. ಅವನ ಹೆಸರು ಹೇಳಲ್ಲ, ಅವನನ್ನ ಕೇಳಿಯೇ ಇದನ್ನ ಮಾತಾಡ್ತಿದೀನಿ. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ, ಅವನು ಊರಲ್ಲೇ ಉಳಿದು ಸರ್ಕಾರಿ ಕೆಲಸದ ಪರೀಕ್ಷೆಗೆ ಓದ್ತಿದ್ದ. ಎರಡನೇ ಸಲವೂ ಲಿಸ್ಟಲ್ಲಿ ಹೆಸರು ಬರಲಿಲ್ಲ. ಅದಾದ ಮೇಲೆ ಅವನ ಕಡೆಯಿಂದ ಒಂದು ಮಾತಿಲ್ಲ. ಸ್ಟೇಟಸ್ ಇಲ್ಲ, ಲಾಸ್ಟ್ ಸೀನ್ ಆಫ್, ಫೋನ್ ರಿಂಗಾಗುತ್ತೆ, ಎತ್ತಲ್ಲ.

ನಾನು ಏನು ಮಾಡಿದೆ? ನೀವು ಮಾಡೋದನ್ನೇ. 'ಯಾಕಲೇ ಫೋನ್ ಎತ್ತಲ್ಲ?' 'ಏನಾಯ್ತೋ?' 'ಬೇಜಾರಾ ನನ್ ಮೇಲೆ?' 'ಒಂದ್ ಹ್ಞೂಂ ಅನ್ನಕ್ಕೂ ಆಗಲ್ವಾ?' ಹತ್ತು ದಿನದಲ್ಲಿ ಹದಿನಾಲ್ಕು ಮೆಸೇಜು. ಕೊನೆಗೆ ನಮ್ಮ ಕ್ಲಾಸಿನ ಗ್ರೂಪಲ್ಲಿ ಅವನನ್ನ ಟ್ಯಾಗ್ ಮಾಡಿ 'ಸಾಹೇಬ್ರು ಎಲ್ಲಿದ್ದಾರೆ?' ಅಂತ ಹಾಕಿದೆ. ಅರ್ಧ ಗಂಟೆಯಲ್ಲಿ ಅವನು ಗ್ರೂಪಿಂದ ಹೊರಗೆ ಹೋದ.

ಆಗ ಒಳಗೆ ಏನು ನಡೀತಿತ್ತು ಅಂತ ಅವನೇ ಆಮೇಲೆ ಹೇಳಿದ. ಮೊದಲನೇ ಮೆಸೇಜಿಗೆ ಉತ್ತರ ಕೊಡಬೇಕು ಅಂತ ಅವನಿಗಿತ್ತಂತೆ, ಆದ್ರೆ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ಐದನೇದು ಬರೋ ಹೊತ್ತಿಗೆ ಹಿಂದಿನ ನಾಲ್ಕಕ್ಕೆ ಯಾಕೆ ಸುಮ್ಮನಿದ್ದೆ ಅಂತಲೂ ವಿವರಣೆ ಕೊಡಬೇಕಲ್ಲ. ಹದಿನಾಲ್ಕನೇದು ಬಂದಾಗ ಅದು ಸಾಲದ ಥರ ಆಗಿತ್ತು. 'ಬಡ್ಡಿ ಬೆಳೀತಾ ಇತ್ತು ಕಣೋ, ಅದಕ್ಕೇ ಫೋನ್ ಮಗುಚಿ ಇಡ್ತಿದ್ದೆ' ಅಂದ. ಮನಸ್ಸು ಕುಗ್ಗಿದವರಿಗೆ ಸ್ನಾನಕ್ಕೆ ಹೋಗೋದೇ ಒಂದು ದೊಡ್ಡ ಕೆಲಸ ಆಗಿರುತ್ತೆ. ನಾವು ಕೇಳೋ ಪ್ರತಿ ಪ್ರಶ್ನೆ ಅವರಿಗೆ ಇನ್ನೊಂದು ಕೆಲಸ.

ಇದು ನನಗೆ ಹೊಳೆದದ್ದಲ್ಲ. ಗ್ರೂಪ್ ಬಿಟ್ಟು ಹೋದ ರಾತ್ರಿ ಭಯ ಆಗಿ ಹುಡುಕ್ತಾ ಕೂತಾಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೊಟ್ಟೊ ಅನ್ನೋ ಮನೋವೈದ್ಯರ ಬಗ್ಗೆ ಓದಿದೆ. ಅವರ ಮುಂದೆ ಇದ್ದದ್ದೂ ಇದೇ ಸಮಸ್ಯೆ. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆಗೆ ಸೇರಿ, ಮನೆಗೆ ಹೋದಮೇಲೆ 'ಚಿಕಿತ್ಸೆ ಬೇಡ' ಅಂತ ದೂರ ಸರಿದವರನ್ನ ತಲುಪೋದು ಹೇಗೆ? ಅಂಥ 843 ಜನರನ್ನ ಅವರು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಏನೂ ಕಳಿಸಲಿಲ್ಲ. ಇನ್ನೊಂದು ಗುಂಪಿಗೆ ಆಗಾಗ ಒಂದು ಚಿಕ್ಕ ಕಾಗದ. ನೀವು ಚೆನ್ನಾಗಿದ್ದೀರಿ ಅಂದ್ಕೊಂಡಿದೀವಿ, ಬರೀಬೇಕು ಅನ್ಸಿದ್ರೆ ಬರೀರಿ, ಖುಷಿ ಆಗುತ್ತೆ. ಅಷ್ಟೇ. ಮಾತ್ರೆ ತಗೊಂಡ್ರಾ, ಯಾಕೆ ಬರಲಿಲ್ಲ, ಯಾವಾಗ ಬರ್ತೀರಿ, ಇಂಥ ಒಂದು ಪ್ರಶ್ನೆಯೂ ಇಲ್ಲ. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ತಿಂಗಳು ಎರಡು ತಿಂಗಳಿಗೊಂದು, ಮತ್ತೆ ನಾಲ್ಕು ವರ್ಷ ಮೂರು ತಿಂಗಳಿಗೊಂದು. ಒಟ್ಟು 24 ಕಾಗದ. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಗದ ಹೋದ ಗುಂಪಲ್ಲಿ ಆತ್ಮಹತ್ಯೆ ಕಡಿಮೆ ಇತ್ತು, ಮೊದಲ ಎರಡು ವರ್ಷ ಸ್ಪಷ್ಟವಾಗೇ ಕಡಿಮೆ. ಆಮೇಲೆ ಬೇರೆ ದೇಶಗಳಲ್ಲಿ ಮಾಡಿ ನೋಡಿದಾಗ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಇದು ಔಷಧಿ ಅಲ್ಲ, ಚಿಕಿತ್ಸೆಗೆ ಬದಲಿಯೂ ಅಲ್ಲ. ಆದ್ರೆ ನನಗೆ ದಾರಿ ಕಾಣಿಸ್ತು.

ಮರುದಿನ ಬರೆದೆ: 'ಗ್ರೂಪಲ್ಲಿ ಟ್ಯಾಗ್ ಮಾಡಿದ್ದು ತಪ್ಪಾಯ್ತು. ಹಿಂದಿನ ಯಾವ ಮೆಸೇಜಿಗೂ ನೀನು ಉತ್ತರ ಕೊಡೋದಿಲ್ಲ. ಆಗಾಗ ಏನಾದ್ರೂ ಕಳಿಸ್ತಿರ್ತೀನಿ, ರಿಪ್ಲೈ ಬೇಡ.' ಆಮೇಲೆ ವಾರಕ್ಕೆ ಎರಡು ಸಲ, ಹೆಚ್ಚಿಲ್ಲ. ಇಲ್ಲಿ ಒಂದು ಗಾಡೀಲಿ ತಿಂದ ಮಂಡಕ್ಕಿ ಮಿರ್ಚಿ ಫೋಟೋ ಹಾಕಿ 'ನಮ್ಮ ಕಡೆಯ ರುಚಿ ಇಲ್ಲ, ಮೋಸ ಹೋದೆ' ಅಂತ. ಇನ್ನೊಂದು ದಿನ, ಶಾಲೇಲಿ ನಾವಿಬ್ರೂ ಬೈಸ್ಕೊಂಡ ಒಂದು ಘಟನೆ ನೆನಪಾಯ್ತು ಅಂತ. 'ಧೈರ್ಯವಾಗಿರು', 'ಪಾಸಿಟಿವ್ ಆಗಿ ಯೋಚನೆ ಮಾಡು' ಅಂತ ಬರೀಲಿಲ್ಲ, ಯಾಕಂದ್ರೆ ಅದೂ ಅವನಿಗೊಂದು ಕೆಲಸ ಹಚ್ಚಿದ ಹಾಗೇ. ನಿಜ ಹೇಳ್ತೀನಿ, 'ರಿಪ್ಲೈ ಬೇಡ' ಅಂತ ಬರೆದು ನೀಲಿ ಟಿಕ್ ಬಂತಾ ಅಂತ ನೋಡ್ತಾ ಕೂರೋದು ನನ್ನ ಕೈಲಿ ನಿಲ್ಲಿಸೋಕೆ ಆಗಲಿಲ್ಲ. ಆದ್ರೆ ಅದನ್ನ ಅವನಿಗೆ ಹೇಳಲಿಲ್ಲ, ಅಷ್ಟು ಮಾಡಿದೆ.

ಇಲ್ಲಿ ಒಂದು ಅಪಾಯ ಇದೆ. ಒತ್ತಾಯ ಮಾಡಬಾರದು ಅಂತ ಕಣ್ಣು ಮುಚ್ಚಿ ಕೂರೋಕಾಗಲ್ಲ. ಅವನು ಸುರಕ್ಷಿತವಾಗಿದಾನಾ ಅಂತ ಬೇರೆ ದಾರೀಲಿ ತಿಳ್ಕೋಬೇಕು. ಹಳ್ಳೀಲಿ ಇದನ್ನ ಹುಷಾರಾಗಿ ಮಾಡಬೇಕು, ಬಸ್‌ಸ್ಟ್ಯಾಂಡಿನ ಹೋಟ್ಲಲ್ಲಿ ಕೇಳಿದ್ರೆ ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತೆ. ನಾನು ಅವರಮ್ಮಂಗೆ ಮಾತ್ರ ಫೋನ್ ಮಾಡಿದೆ. 'ಅಮ್ಮಾ, ಅವನು ಊಟ ಸರಿ ಮಾಡ್ತಿದಾನಾ? ರಾತ್ರಿ ನಿದ್ದೆ ಮಾಡ್ತಾನಾ? ತೋಟದ ಕಡೆ ಹೋಗ್ತಾನಾ?' ಅವರಂದ್ರು, 'ರಾತ್ರಿಯೆಲ್ಲ ಎದ್ದಿರ್ತಾನಪ್ಪ, ಒಂದು ಹೊತ್ತು ಉಣ್ತಾನೆ. ಯಾರು ಬಂದ್ರೂ ರೂಮಿಂದ ಹೊರಗೆ ಬರಲ್ಲ.' ಇದು ಎರಡು ವಾರ ದಾಟಿತ್ತು. ಅಷ್ಟು ದಿನ ಹೀಗೇ ಇದ್ರೆ ಬರೀ ಬೇಜಾರು ಅಂತ ಬಿಡೋ ಹಾಗಿಲ್ಲ. 'ನಾನು ಕೇಳಿದೆ ಅಂತ ಅವನಿಗೆ ಹೇಳಿ, ಮುಚ್ಚಿಡಬೇಡಿ' ಅಂದೆ. ಬೆನ್ನ ಹಿಂದೆ ವಿಚಾರಿಸಿದ್ದು ಅವನಿಗೆ ಆಮೇಲೆ ಗೊತ್ತಾದ್ರೆ ಇದ್ದ ನಂಬಿಕೆಯೂ ಹೋಗ್ತಿತ್ತು.

ಆ ಶನಿವಾರ ಬರ್ತೀನಿ ಅಂತ ಮೆಸೇಜ್ ಹಾಕಿದೆ. 'ಭಾನುವಾರ ನಿಮ್ಮನೇಲಿ ಅಡಿಕೆ ಒಣಗಿಸೋಕೆ ಕೈಜೋಡಿಸ್ತೀನಿ. ನೀನು ಮಾತಾಡೋದು ಬೇಡ. ಬರೋದೇ ಬೇಡ ಅಂದ್ರೆ ಒಂದು ಚುಕ್ಕಿ ಕಳಿಸು ಸಾಕು.' ಚುಕ್ಕಿ ಬರಲಿಲ್ಲ. ರಾತ್ರಿ ಬಸ್ಸಿಗೆ ಹೊನ್ನಾಳಿಗೆ ಹೋಗಿ, ಅಲ್ಲಿಂದ ಊರಿಗೆ.

ಬೇಯಿಸಿದ ಅಡಿಕೆ ಅಂಗಳದ ತುಂಬ ಹರವಿದ್ರು. ನಾನು ಕೂತು ಕೆಟ್ಟ ಅಡಿಕೆ ಆರಿಸೋಕೆ ಶುರು ಮಾಡಿದೆ. ಒಂದು ಗಂಟೆ ಆದ್ಮೇಲೆ ಅವನು ಬಂದು ಪಕ್ಕದಲ್ಲಿ ಕೂತ. ಎದುರಿಗೆ ಅಲ್ಲ, ಪಕ್ಕದಲ್ಲಿ. ಇಬ್ರ ಕಣ್ಣೂ ಅಡಿಕೆ ಮೇಲೆ. ಮೊದಲು ಬಂದ ಮಾತು, 'ಲೇ, ಚೆನ್ನಾಗಿರೋದನ್ನೆಲ್ಲ ಬಿಸಾಕ್ತಿದೀಯ.' ಪರೀಕ್ಷೆ ವಿಷಯ ನಾನು ಎತ್ತಲಿಲ್ಲ, ಮಧ್ಯಾಹ್ನದ ಮೇಲೆ ಅವನೇ ಎತ್ತಿದ.

ಒಂದೇ ಒಂದು ಪ್ರಶ್ನೆ ಮಾತ್ರ ನಾನು ನೇರವಾಗಿ ಕೇಳಿದೆ. 'ಸತ್ತು ಹೋಗಬೇಕು ಅಂತ ಯಾವಾಗಾದ್ರೂ ಅನ್ಸಿದೆಯಾ?' ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ನಮ್ಮಲ್ಲಿ ಹೆದರ್ತಾರೆ, ಹಾಗಾಗಲ್ಲ ಅಂತ ತಜ್ಞರು ಹೇಳ್ತಾರೆ. ಹೆಚ್ಚಿನವರಿಗೆ ಕೇಳಿದ್ದೇ ಒಂದು ಹಗುರ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಾಯಬೇಕು ಅಂತ ಅಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ರೆ ಒಳ್ಳೇದಿತ್ತು ಅನ್ಸುತ್ತೆ' ಅಂದ. ಇದನ್ನೂ ಹಗುರವಾಗಿ ತಗೋಬಾರದು. 'ಇದನ್ನ ನಾನೊಬ್ನೇ ಇಟ್ಕೊಳಲ್ಲ, ನಿಮ್ಮಮ್ಮಂಗೆ ಹೇಳೋಣ' ಅಂದೆ. ಅವನು ಬೇಡ ಅಂದ, ಆಮೇಲೆ ನೀನೇ ಹೇಳು ಅಂದ. ತೋಟಕ್ಕೆ ಹೊಡೆಯೋ ಔಷಧಿಯನ್ನ ಮನೆಯಿಂದ ತೆಗೆದು ಬೇರೆ ಕಡೆ ಬೀಗ ಹಾಕಿಡೋಕೂ ಅವರಮ್ಮಂಗೆ ಹೇಳಿದೆ. ಯಾರಾದ್ರೂ 'ಹೌದು, ಅದೇ ಯೋಚನೆ, ಇವತ್ತೇ' ಅನ್ನೋ ಥರ ಮಾತಾಡಿದ್ರೆ ಅವರನ್ನ ಒಂಟಿಯಾಗಿ ಬಿಡಬೇಡಿ. ಆಗ ಒತ್ತಾಯ, ಗುಟ್ಟು ಯಾವುದರ ಲೆಕ್ಕವೂ ಇಲ್ಲ. 112ಕ್ಕೆ ಫೋನ್ ಮಾಡಿ, ಇಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸಂಜೆ ಅಡಿಕೆ ಗುಡ್ಡೆ ಮಾಡಿ ತಾಡಪಾಲು ಹೊಚ್ಚಿದ ಮೇಲೆ 14416ಕ್ಕೆ ಫೋನ್ ಮಾಡಿದ್ವಿ. ಅದು ಟೆಲಿ ಮಾನಸ್, 2022ರ ಅಕ್ಟೋಬರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಒತ್ತಿದ್ದು ನಾನು, ಆ ಕಡೆ ಎತ್ತಿದ ಮೇಲೆ ಫೋನ್ ಅವನ ಕೈಗೆ ಕೊಟ್ಟು ಎದ್ದು ಹೋದೆ. ಗೆಳೆಯನ ಬಗ್ಗೆ ಏನು ಮಾಡಬೇಕು ಅಂತ ಕೇಳೋಕೆ ನೀವೂ ಅಲ್ಲಿಗೆ ಫೋನ್ ಮಾಡಬಹುದು. ಆಮೇಲೆ ಅವನು ಡಾಕ್ಟ್ರ ಹತ್ರಾನೂ ಹೋದ. ಅಲ್ಲಿ ನಡೆದ ಮಾತು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಈಗಲೂ ಕೆಲವು ವಾರ ಅವನು ಸುಮ್ಮನಾಗ್ತಾನೆ. ನಾನು ಫೋಟೋ ಕಳಿಸ್ತಿರ್ತೀನಿ. ಮೊನ್ನೆ ಅವನಿಂದಲೇ ಒಂದು ಬಂತು, ಅಂಗಳದ ತುಂಬ ಅಡಿಕೆ, ಕೆಳಗೆ ಬರೆದಿದ್ದ: 'ಆರಿಸೋಕೆ ನೀನು ಮಾತ್ರ ಬರಬೇಡ.'