ತಾಳೆಯಾದ ತಪ್ಪು
(ನಮ್ಮ ವಾರ್ಷಿಕ ಕೂಟದಲ್ಲಿ ಹೇಳಿದ ಕಥೆಯ ಬರಹರೂಪ)

ಭಾಷಣ ಮಾಡು ಅಂದ್ರು. ನನಗೆ ಭಾಷಣ ಬರೋದಿಲ್ಲ, ಒಂದು ಕಥೆ ಹೇಳ್ತೀನಿ. ಕಥೆಯಾದ್ದರಿಂದ ಇದರಲ್ಲಿ ಯಾರಿಗೂ ಹೆಸರಿಲ್ಲ. ಇವನು ಯಾವ ಕಂಪನಿಯವನು, ಅವನು ಯಾವ ಊರಿನವನು ಅಂತ ಹುಡುಕಬೇಡಿ. ಆದರೆ ಇದರಲ್ಲಿ ಬರುವ ಲೆಕ್ಕ ಮಾತ್ರ ಸರಿಯಾದ ಲೆಕ್ಕ. ಕೈಗಡ, ಚೀಟಿ, ಕ್ಯಾಂಪಿನ ನಿಧಿ ಅಂತ ಪುಸ್ತಕ ಬರೆಯುವವರು ಇಲ್ಲಿ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ.

ಕಥೆಯ ನಾಯಕರನ್ನು ಲೆಕ್ಕದ ಮಾಮ ಅನ್ನೋಣ. ದೋಹಾದ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದು ನಿವೃತ್ತರಾದವರು. ಈಗ ನಜ್ಮಾದಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ. 1979ರಲ್ಲಿ ಕ್ಯಾಂಪಿನ ನಮ್ಮವರು ಸೇರಿ ಒಂದು ನಿಧಿ ಮಾಡಿಕೊಂಡಿದ್ದರು. ತಿಂಗಳಿಗೆ ತಲೆಗೆ 10 ರಿಯಾಲ್ ಉಳಿತಾಯ. ಯಾರಿಗಾದರೂ ಊರಲ್ಲಿ ಮದುವೆ, ಮನೆ, ಆಸ್ಪತ್ರೆ ಅಂತ ಬಂದರೆ 1,000 ರಿಯಾಲ್ ಸಾಲ, ತಿಂಗಳಿಗೆ 100ರಂತೆ ಹತ್ತು ಕಂತು. ಬಡ್ಡಿ ಇಲ್ಲ. 2005ರಲ್ಲಿ ನಿಧಿ ಮುಚ್ಚುವವರೆಗೂ ಲೆಕ್ಕ ಬರೆದದ್ದು ಮಾಮನೇ. ಎಂಟು ಕ್ಯಾಶ್ ಬುಕ್ಕು, ಆರು ಲೆಡ್ಜರು, ಒಂದು ಟ್ರಂಕು.

ಮಗ ಮನೆ ಬದಲಾಯಿಸುವಾಗ ಆ ಟ್ರಂಕು ತೆರೆದರು. ಹೊಲಿಗೆ ಬಿಟ್ಟಿತ್ತು, ಬಾಲ್ ಪೆನ್ನಿನ ಶಾಯಿ ಕೆಲವು ಕಡೆ ಮಾಸಿತ್ತು. ಸೊಸೆ, "ಇದನ್ನೆಲ್ಲ ಇನ್ನೂ ಯಾಕೆ ಇಟ್ಕೊಂಡಿದ್ದೀರಿ ಮಾವ?" ಅಂದಳು. ಮಾಮ ಉತ್ತರ ಹೇಳಲಿಲ್ಲ. ಮೊಮ್ಮಗನ ಹಳೇ ಲ್ಯಾಪ್‌ಟಾಪ್ ಕೇಳಿ ಪಡೆದು, ಮರುದಿನದಿಂದ ಎಕ್ಸೆಲ್‌ನಲ್ಲಿ ಒಂದೊಂದೇ ಸಾಲು ತುಂಬಿಸಲು ಕೂತರು.

ಮೊದಲು ಅವರು ಮಾಡಿದ ತೀರ್ಮಾನ ಕೇಳಿ, ಕಥೆ ನಿಂತಿರೋದು ಅದರ ಮೇಲೆ. ಕ್ಯಾಶ್ ಬುಕ್ ಅಂದರೆ ದುಡ್ಡು ಕೈಗೆ ಬಂದ ಕ್ಷಣ ಬರೆಯೋದು. ಅದನ್ನು ನೋಡಿಕೊಂಡು ಆಮೇಲೆ ಪ್ರತಿ ಸದಸ್ಯನ ಪುಟಕ್ಕೆ ಎತ್ತಿ ಬರೆಯೋದು ಲೆಡ್ಜರು. ಎರಡರಲ್ಲೂ ಇರೋದು ಅದೇ ಅಂಕಿ ತಾನೇ, ಒಂದನ್ನೇ ತುಂಬಿಸಿದರೆ ಸಾಕಲ್ಲ ಅಂತ ಮಗ ಹೇಳಿದ. ಮಾಮ ಒಪ್ಪಲಿಲ್ಲ. "ಒಂದನ್ನೇ ತುಂಬಿಸಿದ್ರೆ ಅದು ಫೋಟೋ ತೆಗೆದ ಹಾಗೆ ಮಾರಾಯ. ಎರಡನ್ನೂ ಬೇರೆ ಬೇರೆ ತುಂಬಿಸಿದ್ರೆ ಮಾತ್ರ ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳ್ತದೆ" ಅಂದರು. ಎರಡೂ ಸೇರಿ ಸುಮಾರು 36,000 ಸಾಲು. ದಿನಕ್ಕೆ 120 ಸಾಲಿನಂತೆ ಮುನ್ನೂರು ದಿನದ ಕೆಲಸ.

ಮೊದಲ ವಾರವೇ ತಾರೀಕು ಕೈಕೊಟ್ಟಿತು. ಪುಸ್ತಕದಲ್ಲಿ 5/4/90 ಅಂತಿದ್ದದ್ದನ್ನು ಹಾಗೆಯೇ ಒತ್ತಿದರು. ಅದು ಏಪ್ರಿಲ್ ಐದು. ಆದರೆ ಆ ಲ್ಯಾಪ್‌ಟಾಪ್ ಅಮೆರಿಕದ ಪದ್ಧತಿಯಲ್ಲಿತ್ತು, ತಿಂಗಳು ಮೊದಲು. ಅದು ಮೇ ನಾಲ್ಕು ಅಂತ ತಿಳಿದುಕೊಂಡಿತು, ಸುಮ್ಮನೆ. 25/4/90 ಒತ್ತಿದಾಗ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಕು ಅಂತಲೇ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಂಡಿತು. ಮಾಮನಿಗೆ ಗುಟ್ಟು ಸಿಕ್ಕಿದ್ದು ಅಲ್ಲೇ. ಕೆಲವು ತಾರೀಕು ಚೌಕದ ಬಲಕ್ಕೆ ಅಂಟಿ ನಿಂತಿವೆ, ಕೆಲವು ಎಡಕ್ಕೆ. ಎಡಕ್ಕೆ ನಿಂತದ್ದು ತಾರೀಕೇ ಅಲ್ಲ. ಆದರೆ ಬಲಕ್ಕೆ ನಿಂತವೂ ಸರಿ ಅಂತಿಲ್ಲ, ಅವುಗಳಲ್ಲಿ ತಿಂಗಳು ದಿನ ಅದಲುಬದಲಾಗಿರಬಹುದು. ಸೆಟ್ಟಿಂಗ್ ಬದಲಾಯಿಸಿದರೆ ಒಮ್ಮೆ ಹೊಕ್ಕ ತಪ್ಪು ಸರಿಹೋಗೋದಿಲ್ಲ. ಹಾಗಾಗಿ ಒಂದು ವಾರದ ಕೆಲಸ ಅಳಿಸಿ, ದಿನ ಮೊದಲು ಬರುವ ಹಾಗೆ ಸೆಟ್ಟಿಂಗ್ ಮಾಡಿ, ಮೊದಲಿಂದ ಶುರು ಮಾಡಿದರು.

ಇನ್ನು ಹೆಸರಿನ ಗೋಳು. ನಮ್ಮೂರ ಕಡೆ ಒಂದೇ ಹೆಸರಿನವರು ಎಷ್ಟು ಜನ, ನಿಮಗೇ ಗೊತ್ತು. ಅದಕ್ಕೆ ಹೆಸರು ಬಿಟ್ಟು ಪ್ರತಿಯೊಬ್ಬರಿಗೂ ಒಂದೊಂದು ನಂಬರ್ ಕೊಟ್ಟರು. ಒಂದೇ ಹೆಸರಿನ ಇಬ್ಬರಲ್ಲಿ ಮೆಸ್ಸಿನ ಅಡುಗೆಯವನಿಗೆ 37, ಗಾಡಿ ಓಡಿಸುವವನಿಗೆ 52. ಇವರಿಬ್ಬರನ್ನು ನೆನಪಿಟ್ಟುಕೊಳ್ಳಿ.

ಪ್ರತಿ ತಿಂಗಳು ಮುಗಿದ ಮೇಲೆ, ಶೀಟಿನ ಮೊತ್ತವನ್ನು ಪುಸ್ತಕದ ಮೊತ್ತಕ್ಕೆ ಹೋಲಿಸುತ್ತಿದ್ದರು. ಒಂದು ತಿಂಗಳು ಪುಸ್ತಕದಲ್ಲಿ 1,940, ಶೀಟಿನಲ್ಲಿ 1,850. ವ್ಯತ್ಯಾಸ 90. ಒಂಬತ್ತರಿಂದ ಭಾಗಿಸಿದರೆ ಶೇಷವಿಲ್ಲ. ಹಳೇ ಲೆಕ್ಕದವರು ಆಗ ಮೊದಲು ಅಂಕಿ ತಿರುವುಮುರುವಾದ ಸಾಲು ಹುಡುಕುತ್ತಾರೆ. ಸಿಕ್ಕಿತು, 540 ಇದ್ದದ್ದು 450 ಆಗಿತ್ತು. ಮೂವತ್ತು ವರ್ಷ ಅನ್ನ ಹಾಕಿದ ವಿದ್ಯೆ ಇದು. ಮೊತ್ತ ತಾಳೆಯಾದರೆ ಲೆಕ್ಕ ಸರಿ, ತಾಳೆಯಾಗದಿದ್ದರೆ ಎಲ್ಲೋ ತಪ್ಪು. ಮಾಮ ಹಾಗೇ ನಂಬಿದ್ದರು.

ವರ್ಷದ ಕೊನೆಗೆ ಎರಡೂ ಶೀಟ್ ತುಂಬಿದವು. ಕ್ಯಾಶ್ ಬುಕ್ಕಿನ ಪ್ರಕಾರ ಒಬ್ಬೊಬ್ಬ ಸದಸ್ಯ ಕಟ್ಟಿದ್ದೆಷ್ಟು, ಲೆಡ್ಜರಿನ ಪ್ರಕಾರ ಎಷ್ಟು, ಎರಡಕ್ಕೂ ವ್ಯತ್ಯಾಸ ಎಷ್ಟು ಅಂತ ಒಂದು ಸೂತ್ರ ಹಾಕಿದರು:

```
=SUMIFS(Cash!E:E,Cash!C:C,A2)-SUMIFS(Ledger!E:E,Ledger!C:C,A2)
```

ಇಲ್ಲಿ C ಕಾಲಂ ಸದಸ್ಯನ ನಂಬರ್, E ಕಾಲಂ ಕೈಗೆ ಬಂದ ನಗದು, A2 ನಾವು ಕೇಳುತ್ತಿರುವ ಸದಸ್ಯ. ಒಬ್ಬನ ಉಳಿತಾಯದಿಂದ ಅವನದೇ ಸಾಲಕ್ಕೆ ವಜಾ ಹಾಕಿದಂಥ, ನಗದಿಲ್ಲದ ಹೊಂದಾಣಿಕೆಯನ್ನು ಮಾಮ ಬೇರೆ ಕಾಲಮ್ಮಿನಲ್ಲಿ ಇಟ್ಟಿದ್ದರು. ಅದನ್ನೂ E ಕಾಲಮ್ಮಿಗೆ ಸೇರಿಸಿದ್ದರೆ ಮುಂದೆ ಹೇಳುವ ತಪ್ಪಿನ ಒಂದು ಬದಿ ಮುಚ್ಚಿಹೋಗುತ್ತಿತ್ತು.

ಉತ್ತರ ಸಾಲಾಗಿ ಬಂತು. ಸೊನ್ನೆ, ಸೊನ್ನೆ, ಸೊನ್ನೆ. 37ರ ಎದುರು 300. 52ರ ಎದುರು -300. ಕೆಳಗೆ ಒಟ್ಟು ಮೊತ್ತ ಮತ್ತೆ ಸೊನ್ನೆ.

ಮಾಮ ಚಹಾ ಪಕ್ಕಕ್ಕಿಟ್ಟರು. 37 ಯಾರು ಅಂತ ಪಟ್ಟಿ ನೋಡುವ ಅಗತ್ಯ ಅವರಿಗಿರಲಿಲ್ಲ.

1990ರ ಆಗಸ್ಟ್ 2, ಇರಾಕ್ ಕುವೈತಿಗೆ ನುಗ್ಗಿದ ದಿನ. ಇಲ್ಲಿ ದೋಹಾದಲ್ಲೂ ಕ್ಯಾಂಪಿನವರಿಗೆ ನಿದ್ದೆಯಿಲ್ಲ. ಊರಿಂದ ಒಂದೇ ಮಾತು, "ಇದ್ದದ್ದು ಬಿಟ್ಟು ಬಾ." ಅಡುಗೆಯವನು ಆ ತಿಂಗಳ ಕೊನೆಗೆ ಹೊರಟ. ಹಿಂದಿನ ಅಕ್ಟೋಬರಿನಲ್ಲಿ ಅವನು 1,000 ರಿಯಾಲ್ ಸಾಲ ತೆಗೆದಿದ್ದ. ನವೆಂಬರಿನಿಂದ ಆಗಸ್ಟ್‌ವರೆಗೆ ಹತ್ತೂ ಕಂತು ಕಟ್ಟಿದ್ದೇನೆ, ನನ್ನ ಉಳಿತಾಯ 680 ಕೊಡಿ ಅಂದ. ಮಾಮ ಲೆಡ್ಜರ್ ತೆರೆದರು. ಅವನ ಪುಟದಲ್ಲಿ ಏಳೇ ಕಂತು.

"ಕಟ್ಟಿದ್ದೇನೆ ಮಾರಾಯ್ರೆ, ನಿಮ್ಮ ಕೈಗೇ ಕೊಟ್ಟದ್ದು" ಅಂದ.

"ಪುಸ್ತಕದಲ್ಲಿಲ್ಲ. ಪುಸ್ತಕ ತಾಳೆಯಾಗಿದೆ" ಅಂದರು ಮಾಮ.

ರಸೀದಿ ಕೊಡುವ ಪದ್ಧತಿ ಇರಲಿಲ್ಲ. ನಾಲ್ಕು ಜನ ನೋಡುತ್ತಿದ್ದರು. 300 ಹಿಡಿದುಕೊಂಡು 380 ಕೊಟ್ಟರು. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು ಹೋದ. ಆಮೇಲೆ ಕ್ಯಾಂಪಿನಲ್ಲಿ ಮಾತು ನಿಂತುಬಿಟ್ಟಿತು, "ಸಾಲ ಉಳಿಸಿ ಹೋಗಲು ನೋಡಿದವ." ಆ ಮಾತು ಊರಿಗೂ ಹೋಯಿತು.

ಈಗ ಮಾಮ ಪುಸ್ತಕಗಳನ್ನೇ ಕೆಳಗಿಳಿಸಿದರು. ಕ್ಯಾಶ್ ಬುಕ್ಕಿನಲ್ಲಿ 1990ರ ಏಪ್ರಿಲ್, ಮೇ, ಜೂನ್, ಮೂರರಲ್ಲೂ ಅವನ ಹೆಸರು, ಪಕ್ಕದಲ್ಲಿ ಸಣ್ಣದಾಗಿ 'ಅಡುಗೆ', ಎದುರು 100. ಮಾಮನದೇ ಅಕ್ಷರ. ಲೆಡ್ಜರಿನಲ್ಲಿ ಆ ಮೂರು ತಿಂಗಳು ಡ್ರೈವರನ ಪುಟದಲ್ಲಿ ಎರಡೆರಡು ಸಲ 100. ಕೈಯಲ್ಲಿ ದುಡ್ಡಿದ್ದಾಗ ಎರಡು ಕಂತು ಒಟ್ಟಿಗೆ ಕಟ್ಟುವವರು ಇದ್ದರು, ಹಾಗಾಗಿ ಅದು ಕಣ್ಣಿಗೆ ಚುಚ್ಚಲಿಲ್ಲ.

ಹೀಗಾದದ್ದು ಹೇಗೆ? ಆ ಏಪ್ರಿಲ್‌ನಲ್ಲಿ ಹಳೇ ಲೆಡ್ಜರ್ ತುಂಬಿ ಹೊಸದು ಶುರುವಾಗಿತ್ತು. ಮುಂದಿನ ಹಾಳೆಯಲ್ಲಿ ಯಾರ ಖಾತೆ ಯಾವ ಪುಟ ಎಂಬ ಪಟ್ಟಿ. ಅಡುಗೆಯವನ ಹೆಸರಿನ ಮುಂದೆ 43 ಅಂತ ಬರೆದು, ಅದನ್ನು ಹೊಡೆದು 41 ಮಾಡಿದ ಗುರುತಿದೆ. 43 ಡ್ರೈವರನ ಪುಟ. ಜುಲೈನಲ್ಲಿ ಮಾಮನಿಗೆ ಪಟ್ಟಿಯ ತಪ್ಪು ಗೊತ್ತಾಗಿದೆ, ಪಟ್ಟಿ ತಿದ್ದಿದ್ದಾರೆ. ಆದರೆ ಅಷ್ಟರಲ್ಲಿ ತಪ್ಪು ಪುಟಕ್ಕೆ ಹೋಗಿದ್ದ ಮೂರು ಕಂತನ್ನು ಹಿಂದೆ ಹೋಗಿ ನೋಡಲಿಲ್ಲ.

ತಾಳೆ ಪಟ್ಟಿ ಯಾಕೆ ಹಿಡಿಯಲಿಲ್ಲ ಅಂತ ಕೇಳಬಹುದು. ತಾಳೆ ಪಟ್ಟಿ ಎಲ್ಲ ಖಾತೆಗಳನ್ನೂ ಕೂಡಿಸಿ ನೋಡುತ್ತದೆ. ಒಬ್ಬನ ಪುಟದಲ್ಲಿ 300 ಕಡಿಮೆ, ಇನ್ನೊಬ್ಬನ ಪುಟದಲ್ಲಿ 300 ಹೆಚ್ಚು, ಕೂಡಿಸಿದರೆ ಒಟ್ಟು ಸರಿಯೇ. ದುಡ್ಡು ಪೆಟ್ಟಿಗೆಗೆ ಬಂದಿದೆಯೇ ಅಂತ ಅದು ಹೇಳುತ್ತದೆ, ಯಾರದು ಅಂತ ಹೇಳುವುದಿಲ್ಲ. ಡ್ರೈವರನಿಗೆ ಆಗಸ್ಟಿನಲ್ಲಿ "ನಿನ್ನ ಸಾಲ ಮುಗಿಯಿತು" ಅಂದಾಗ ಅವನೂ ಪುಸ್ತಕವನ್ನೇ ನಂಬಿದನೋ, ಸುಮ್ಮನಾದನೋ ಕೇಳುವ ಹಾಗಿಲ್ಲ. ಅವನು ತೀರಿಕೊಂಡು ವರ್ಷಗಳಾಗಿವೆ. ಅವನ ಮನೆಯವರಿಗೆ ಮಾಮ ಏನೂ ಹೇಳಲಿಲ್ಲ.

ಮಗ ಹೇಳಿದ, "ಅಪ್ಪ, ಶೀಟಿನಲ್ಲಿ ಸರಿ ಮಾಡಿಬಿಡಿ, ಮುಗೀತಲ್ಲ." ಮಾಮ ಆ ಮೂರು ಸಾಲನ್ನು ಮುಟ್ಟಲಿಲ್ಲ. ಲೆಡ್ಜರಿನಲ್ಲಿದ್ದ ಹಾಗೆ ತಪ್ಪಾಗಿಯೇ ಉಳಿಸಿ, ಕೊನೆಯಲ್ಲಿ ಆ ದಿನದ ತಾರೀಕು ಹಾಕಿ ಎರಡು ಹೊಸ ಸಾಲು ಸೇರಿಸಿದರು: 52ರಿಂದ 300 ತೆಗೆದದ್ದು, 37ಕ್ಕೆ 300 ಹಾಕಿದ್ದು. ಪಕ್ಕದಲ್ಲಿ ಕ್ಯಾಶ್ ಬುಕ್ಕಿನ ಪುಟದ ನಂಬರು, ಮತ್ತು "ಬರೆದವನ ತಪ್ಪು" ಎಂಬ ಷರಾ.

ಆಮೇಲೆ ಅಡುಗೆಯವನ ನಂಬರ್ ಹುಡುಕಿದರು. ಕುಂದಾಪುರದ ಕಡೆಯವರೊಬ್ಬರ ಮೂಲಕ ಸಿಕ್ಕಿತು. ನಿಧಿ ಮುಚ್ಚಿ, ಇದ್ದದ್ದನ್ನೆಲ್ಲ ಹಂಚಿ ಆಗಿದೆ. ಕೊಡಬೇಕಾದದ್ದು ಮಾಮ, ತಮ್ಮ ಜೇಬಿನಿಂದ. ಎಷ್ಟು ಕೊಡೋದು? 1990ರ ಆಗಸ್ಟಿನಲ್ಲಿ ಒಂದು ರಿಯಾಲಿಗೆ ಐದು ರೂಪಾಯಿಯೂ ಬರುತ್ತಿರಲಿಲ್ಲ. 300 ರಿಯಾಲ್ ಅಂದರೆ 1,500 ರೂಪಾಯಿಗೂ ಕಡಿಮೆ. ಈಗ ರಿಯಾಲಿಗೆ ಇಪ್ಪತ್ತಕ್ಕೂ ಮಿಕ್ಕಿ, 6,000 ದಾಟುತ್ತದೆ. ಮಾಮನ ಲೆಕ್ಕ ಸರಳ. ಹಿಡಿದದ್ದು ರಿಯಾಲಿನಲ್ಲಿ, ಕೊಡೋದೂ ರಿಯಾಲಿನಲ್ಲೇ. ರೂಪಾಯಿ ಇಳಿದದ್ದರ ಲಾಭ ತಪ್ಪು ಮಾಡಿದವನಿಗೆ ಹೋಗಬಾರದು.

ಫೋನಿನಲ್ಲಿ ಎಲ್ಲ ಹೇಳಿದರು. ಆ ಕಡೆ ತುಂಬಾ ಹೊತ್ತು ಮಾತಿಲ್ಲ.

"ನಾನು ಆವತ್ತೇ ಹೇಳಿದ್ದೆ ಅಲ್ವಾ ಮಾರಾಯ್ರೆ."

"ಹೌದು. ನೀನು ಹೇಳಿದ್ದೇ ಸರಿ. ನಾನು ಪುಸ್ತಕ ನೋಡಿದೆ, ನಿನ್ನ ಮುಖ ನೋಡ್ಲಿಲ್ಲ. ದುಡ್ಡು ನಾಳೆ ಕಳಿಸ್ತೇನೆ."

"ದುಡ್ಡು ಕಳಿಸಿ, ಬೇಡ ಅನ್ನೋದಿಲ್ಲ, ಅದು ನಂದು. ಆದ್ರೆ ಮೊದ್ಲು ಆ ಪುಟದ ಫೋಟೋ ಕಳಿಸಿ. ಕಂಪ್ಯೂಟರಿಂದು ಬೇಡ, ನೀವು ಕೈಯಲ್ಲಿ ಬರ್ದದ್ದು. ನಮ್ಮನೆಯವಳಿಗೆ ತೋರಿಸ್ಬೇಕು. ಮೂನ್ನೂರು ರಿಯಾಲ್ ಎಲ್ಲಿ ಕಳೆದ್ರಿ ಅಂತ ಅವಳು ಇವತ್ತಿಗೂ ಕೇಳ್ತಾಳೆ."

ಮಾಮ ಕ್ಯಾಶ್ ಬುಕ್ಕಿನ ಮೂರು ಪುಟದ ಫೋಟೋ ತೆಗೆದರು. ಮೊದಲನೆಯದು ಕೈ ನಡುಗಿ ಮಸುಕಾಯಿತು. ಎರಡನೇ ಸಲ ಮೊಮ್ಮಗ ತೆಗೆದುಕೊಟ್ಟ.

ಕಥೆ ಇಷ್ಟೇ. ನಮ್ಮಲ್ಲಿ ಈಗ ನಿಧಿ, ಚೀಟಿ ನಡೆಸುತ್ತಿರುವ ಗೆಳೆಯರಿಗೆ ಒಂದು ಮಾತು. ದುಡ್ಡು ತಗೊಂಡಾಗ ಹೆಸರಿನ ಜೊತೆ ಸದಸ್ಯನ ನಂಬರ್ ಬರೆಯಿರಿ, ಕೊಟ್ಟವನ ಕೈಗೆ ಒಂದು ಚೀಟಿ ಕೊಡಿ. ತಿಂಗಳಿಗೊಮ್ಮೆ ಒಟ್ಟು ಮೊತ್ತ ಓದಿ ಹೇಳಿದರೆ ಸಾಲದು, ಪ್ರತಿಯೊಬ್ಬನಿಗೂ ಅವನ ಪುಟ ತೋರಿಸಿ. ಆ ಪುಟದ ತಪ್ಪು ಕಾಣಿಸುವುದು ಆ ಮನುಷ್ಯನಿಗೆ ಮಾತ್ರ.