ಇಳಿಜಾರೋ, ಕ್ಷೇತ್ರಫಲವೋ?

ನಿಶ್ಚಲ ಸ್ಥಿತಿಯಿಂದ ಹೊರಟ ಬಸ್ಸೊಂದು ಏಕರೂಪ ವೇಗೋತ್ಕರ್ಷದಿಂದ 10 ಸೆಕೆಂಡುಗಳಲ್ಲಿ 20 ಮೀ/ಸೆ ವೇಗ ಪಡೆಯಿತೆನ್ನಿ. ವೇಗ–ಕಾಲ ನಕ್ಷೆ ನೋಡಿ ಒಬ್ಬ ವಿದ್ಯಾರ್ಥಿ ವೇಗೋತ್ಕರ್ಷ 100, ದೂರ 2 ಎಂದು ಬರೆದ. ಲೆಕ್ಕ ಸರಿ, ಜಾಗ ಅದಲುಬದಲು.

ಇದನ್ನು ಪತ್ತೆಹಚ್ಚಲು ಏಕಮಾನಗಳನ್ನೂ ಜೊತೆಗೇ ಬರೆಯಿರಿ. ಇಳಿಜಾರೆಂದರೆ ಭಾಗಾಕಾರ: ಮೀ/ಸೆ ಅನ್ನು ಸೆಕೆಂಡಿನಿಂದ ಭಾಗಿಸಿದರೆ ಬರುವುದು ಮೀ/ಸೆ². ಆದ್ದರಿಂದ 20 ÷ 10 = 2, ಇದೇ ವೇಗೋತ್ಕರ್ಷ. ಕ್ಷೇತ್ರಫಲವೆಂದರೆ ಗುಣಾಕಾರ: ಸೆಕೆಂಡು ಹೊಡೆದುಹೋಗಿ ಮೀಟರ್ ಉಳಿಯುತ್ತದೆ. ತ್ರಿಭುಜದ ಕ್ಷೇತ್ರಫಲ ½ × 10 × 20 = 100 ಮೀಟರ್, ಇದೇ ದೂರ.

ಅರ್ಧವನ್ನು ಮರೆತು 200 ಎಂದು ಬರೆದರೂ ಏಕಮಾನ ಮೀಟರೇ! ಆ ತಪ್ಪು ಹಿಡಿಯಲು ಸರಾಸರಿ ವೇಗ ನೋಡಿ: 0 ಮತ್ತು 20ರ ಸರಾಸರಿ 10. ಹತ್ತು ಸೆಕೆಂಡಿಗೆ 100 ಮೀಟರ್. ಉತ್ತರ ತಾಳೆಯಾಯಿತು.